ಬದನೆಯ ಬುಡಕ್ಕೆ ಯಾವ ಹೊದಿಕೆ?

ತಿಪಟೂರಿನ ಸುತ್ತಮುತ್ತ ಶಿವರಾತ್ರಿ ಕಳೆಯಿತೆಂದರೆ ಬೆಳಿಗ್ಗೆ ನೀರು ಕುಡಿದ ಮಡಿ ಸಂಜೆಯ ಹೊತ್ತಿಗೆ ಬಿಳಿಚಿಕೊಂಡಿರುತ್ತದೆ. ಬುಡಕ್ಕೆ ಏನಾದರೂ ಹೊದಿಸಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಒಣಹುಲ್ಲೋ, ಮಲ್ಚಿಂಗ್ ಶೀಟೋ, ಮನೆ ಹಿಂದೆ ರಾಶಿ ಬಿದ್ದಿರುವ ತೆಂಗಿನ ಸಿಪ್ಪೆಯೋ ಎಂಬಲ್ಲಿ ಚರ್ಚೆ ಶುರುವಾಗುತ್ತದೆ. ನಾನು ಮೂರನ್ನೂ ಹಾಕಿ ನೋಡಿದ್ದೇನೆ, ಮೂರರಲ್ಲೂ ಪೆಟ್ಟು ತಿಂದಿದ್ದೇನೆ. ಈಗ ಯಾರಾದರೂ ಕೇಳಿದರೆ ಮೊದಲು ಕೇಳುವುದು ಒಂದೇ: ನೀರು ಹೇಗೆ ಕೊಡುತ್ತೀರಿ?

ಡ್ರಿಪ್ ಇದ್ದರೆ ಶೀಟ್ ಯೋಚಿಸಬಹುದು, ಇಲ್ಲದಿದ್ದರೆ ಆ ಮಾತೇ ಬೇಡ. ಶೀಟಿನ ಮೇಲೆ ಸುರಿದ ನೀರು ಒಳಗೆ ಇಳಿಯುವುದಿಲ್ಲ. ತರಕಾರಿಗೆ ಸಾಮಾನ್ಯವಾಗಿ ಬಳಸುವುದು 25ರಿಂದ 30 ಮೈಕ್ರಾನ್ ದಪ್ಪದ, ಒಂದು ಮಗ್ಗುಲು ಬೆಳ್ಳಿ, ಇನ್ನೊಂದು ಮಗ್ಗುಲು ಕಪ್ಪು ಇರುವ ಹಾಳೆ. ಬೇಸಿಗೆಯಲ್ಲಿ ಬೆಳ್ಳಿ ಮೇಲಿರಬೇಕು. ಅದು ಬಿಸಿಲನ್ನು ಹಿಂದಕ್ಕೆ ಎರಚುತ್ತದೆ, ಗಿಡ ಚಿಕ್ಕದಿರುವಾಗ ಬಿಳಿನೊಣ, ಥ್ರಿಪ್ಸ್ ಹತ್ತಿರ ಬರುವುದನ್ನೂ ಒಂದಿಷ್ಟು ತಡೆಯುತ್ತದೆ. ಕೆಳಗಿನ ಕಪ್ಪು ಬೆಳಕು ಬಿಡದೆ ಕಳೆಯನ್ನು ಅಡಗಿಸುತ್ತದೆ.

ಡ್ರಿಪ್ ಇದ್ದೂ ಶೀಟಿನಲ್ಲಿ ನಾನು ಪೆಟ್ಟು ತಿಂದದ್ದು ಟೊಮೆಟೊ ಸಸಿಗಳಲ್ಲಿ. ಶೀಟಿನಡಿ ಕಾದ ಗಾಳಿಗೆ ಹೊರಬರಲು ಇರುವ ದಾರಿ ಸಸಿ ನೆಟ್ಟ ತೂತು ಒಂದೇ. ನಾನು ಕೊರೆದ ತೂತು ತೀರಾ ಚಿಕ್ಕದಿತ್ತು, ಹಾಳೆ ಸಡಿಲವಾಗಿ ಪಟಪಟನೆ ಬಡಿಯುತ್ತಿತ್ತು. ಮೂರನೇ ದಿನಕ್ಕೆ ಸಸಿಗಳು ಬಾಗಿದವು. ಬುಡಕೊಳೆ ಎಂದು ಔಷಧಿ ಹುಯ್ಯಲು ಹೊರಟಿದ್ದೆ. ಬಗ್ಗಿ ನೋಡಿದರೆ ಕಾಂಡದ ಕಲೆ ಮಣ್ಣಿನ ಮಟ್ಟದಲ್ಲಿರಲಿಲ್ಲ, ಹಾಳೆಯ ಅಂಚು ತಾಗುವ ಎತ್ತರದಲ್ಲಿತ್ತು. ಮುಟ್ಟಿದರೆ ಒಣ ಹುಲ್ಲುಕಡ್ಡಿಯಂತಿತ್ತು. ಬುಡಕೊಳೆಯಾದರೆ ಆ ಜಾಗ ನೀರುನೀರಾಗಿ ಮೆತ್ತಗಿರುತ್ತದೆ. ಆಮೇಲೆ ಮೂರು ಇಂಚಿನ ತೂತು ಮಾಡಿ, ಸಂಜೆ ನೆಟ್ಟು, ಹಾಳೆಯ ಅಂಚು ಕಾಂಡಕ್ಕೆ ತಾಗದಂತೆ ಸುತ್ತ ಒಂದು ಬೊಗಸೆ ಮಣ್ಣು ಒತ್ತಿದೆ. ಅಂಥ ಸಸಿಗಳು ಉಳಿದವು. ಇನ್ನೊಂದು ಮಾತು: ಶೀಟಿನಡಿ ಡ್ರಿಪ್ಪಿನ ಕಣ್ಣು ಕಟ್ಟಿಕೊಂಡರೆ ಹೊರಗೆ ಗೊತ್ತಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಅಲ್ಲಲ್ಲಿ ತೂತಿಗೆ ಬೆರಳು ಇಳಿಸಿ ನೋಡಲೇಬೇಕು.

ಪೈಪಿನಲ್ಲೋ ಬಿಂದಿಗೆಯಲ್ಲೋ ನೀರು ಕೊಡುವವರಿಗೆ ನನ್ನ ಓಟು ಒಣಹುಲ್ಲಿಗೆ. ಆದರೆ ದನ ಕಟ್ಟಿದ ಮನೆಯಲ್ಲಿ ರಾಗಿಹುಲ್ಲನ್ನು ಬದನೆಗೆ ಹಾಸುತ್ತೇನೆ ಎಂದರೆ ಬೈಗುಳ ಖಾತ್ರಿ. ಬಣವೆಯ ತಳದಲ್ಲಿ ನೆನೆದು ಕಪ್ಪಾಗಿ, ದನ ಮೂಸಿಯೂ ನೋಡದ ಹುಲ್ಲು ಇರುತ್ತದಲ್ಲ, ಅದು ಸಾಕು. ಮೂರು ಅಡಿ ಅಗಲ, ಮೂವತ್ತು ಅಡಿ ಉದ್ದದ ಮಡಿಗೆ ಐದಾರು ಕೆಜಿ ಒಣಹುಲ್ಲು ಹಿಡಿಯುತ್ತದೆ. ಮೊದಲು ಮಡಿಯನ್ನು ಗೇಣುದ್ದ ಆಳಕ್ಕೆ ನೆನೆಸಿ, ಆಮೇಲೆ ಹಾಸಬೇಕು. ಒಣಮಣ್ಣಿಗೆ ಹೊದಿಸಿದರೆ ಹುಲ್ಲು ಕಾಯುವುದು ಒಣಮಣ್ಣನ್ನೇ. ಕಾಂಡದ ಸುತ್ತ ಮೂರು ಬೆರಳಷ್ಟು ಜಾಗ ಬಿಡಿ.

ಹುಲ್ಲಿನ ಮೋಸ ಇರುವುದು ಚಿಮುಕಿಸುವ ನೀರಿನಲ್ಲಿ. ದಿನಾ ಒಂದಿಷ್ಟು ಎರಚಿದರೆ ಹುಲ್ಲೇ ಕುಡಿದು ಮುಗಿಸುತ್ತದೆ, ಬೇರಿಗೆ ತಲುಪುವುದೇ ಇಲ್ಲ. ಮೇಲೆ ತೇವ ಕಂಡು ನಾವೂ ನಿಶ್ಚಿಂತರಾಗಿರುತ್ತೇವೆ. ಮೂರು ನಾಲ್ಕು ದಿನಕ್ಕೊಮ್ಮೆ ಪೈಪಿನ ಬಾಯನ್ನು ಹುಲ್ಲಿನಡಿಗೆ ತೂರಿಸಿ ನಿಧಾನವಾಗಿ ಬಿಟ್ಟರೆ ಸರಿ. ಕಳೆ ಕೀಳುವಾಗ ಹುಲ್ಲನ್ನು ಮಣ್ಣಿಗೆ ಬೆರೆಸಬೇಡಿ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು, ಗಿಡದ ಕೆಳಗಿನ ಎಲೆಗಳು ಹಳದಿಗೆ ತಿರುಗುತ್ತವೆ. ಗೆದ್ದಲಂತೂ ಬರುತ್ತದೆ. ತೇವ ಆರದ ಮಡಿಯಲ್ಲಿ ಅದು ಹೆಚ್ಚಾಗಿ ಸತ್ತ ಹುಲ್ಲನ್ನೇ ತಿನ್ನುವುದನ್ನು ಕಂಡಿದ್ದೇನೆ.

ಇನ್ನು ಸಿಪ್ಪೆ. ಸೊಪ್ಪಿನ ಮಡಿಗೆ ಇದು ಹೊಂದುವುದಿಲ್ಲ, ಸಂದಿನಲ್ಲಿ ಸಸಿಗೆ ಜಾಗವೇ ಸಿಗುವುದಿಲ್ಲ. ಬದನೆ, ಹೀರೆ, ಸೋರೆಯಂತೆ ದೂರದೂರ ನೆಟ್ಟು ತಿಂಗಳುಗಟ್ಟಲೆ ನಿಲ್ಲುವ ಗಿಡಬಳ್ಳಿಗಳಿಗೆ ಇದಕ್ಕಿಂತ ಅಗ್ಗದ್ದು ನಮ್ಮ ಕಡೆ ಇನ್ನೊಂದಿಲ್ಲ. ಮಣ್ಣಿನೊಳಗೆ ಹೂಳುವುದಾದರೆ ಸಿಪ್ಪೆ ಅಂಗಾತ ಇರಬೇಕು, ಬಟ್ಟಲಿನಂತೆ ನೀರು ಹಿಡಿಯಲಿ ಎಂದು. ಮೇಲೆ ಹೊದಿಸುವುದಾದರೆ ಬೋರಲು. ಅಂಗಾತ ಇಟ್ಟ ಸಿಪ್ಪೆಯಲ್ಲಿ ನಿಂತ ನೀರು ಬಿಸಿಲಿಗೆ ಆರಿಹೋಗುತ್ತದೆ, ಮಳೆ ಬಂದರೆ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಹಾಸುವ ಹಿಂದಿನ ರಾತ್ರಿ ತೊಟ್ಟಿಯಲ್ಲಿ ನೆನೆಹಾಕಿ. ಒಣಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹೀರುತ್ತದೆ, ಅದನ್ನು ಗಿಡದ ಪಾಲಿನಿಂದ ಯಾಕೆ ಕೊಡಬೇಕು?

ಸಿಪ್ಪೆಗಳ ನಡುವೆ ಸಂದು ಉಳಿದೇ ಉಳಿಯುತ್ತದೆ. ಅಲ್ಲಿ ಮಣ್ಣು ಒಣಗುತ್ತದೆ, ಕಳೆಯೂ ಇಣುಕುತ್ತದೆ. ನಾನು ಬಣವೆ ತಳದ ಹುಲ್ಲನ್ನೇ ಅಲ್ಲಿಗೆ ತುರುಕುತ್ತೇನೆ. ಮಿಲ್ಲಿನ ನಾರುಪುಡಿ ಹಾಕಬಹುದಿತ್ತು, ಆದರೆ ಅದು ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಮೇಲೇ ಜಾರಿಸಿಬಿಡುತ್ತದೆ.

ಕಳೆದ ಬೇಸಿಗೆಯ ಭರಣಿ ಮಳೆ ಒಂದೇ ಗಂಟೆ ಹೊಡೆಯಿತು. ಶೀಟಿನ ಮಡಿಯ ನೀರೆಲ್ಲ ಸಾಲಿಗೆ ಹರಿದುಹೋಯಿತು. ಹುಲ್ಲಿನ ಮಡಿ ಹನಿಯನ್ನೂ ಬಿಡದೆ ಕುಡಿದಿತ್ತು. ಬದನೆಯ ಮಡಿ ನೋಡಲು ಸಿಪ್ಪೆಗೆ ಕೈ ಹಾಕಹೊರಟವನನ್ನು ಹೆಂಡತಿ ತಡೆದು, ಕೋಲು ಕೊಟ್ಟಳು. ಮಗುಚಿದರೆ ಮಣ್ಣು ತಂಪಾಗಿ, ಕಪ್ಪಗಿತ್ತು. ಪಕ್ಕದಲ್ಲೇ ಒಂದು ಚೇಳು.