ಹಂಚಿಕೊಂಡ ಫೋಲ್ಡರಿನಲ್ಲಿ ಒಂದು ಫೈಲು ಎರಡಾದಾಗ

ನಾಲ್ಕಾರು ಜನ ಸೇರಿ ಬಳಸುವ ಡ್ರಾಪ್‌ಬಾಕ್ಸ್ ಫೋಲ್ಡರಿನಲ್ಲಿ ಒಂದಲ್ಲ ಒಂದು ದಿನ ಹೆಸರಿನ ಜೊತೆಗೆ conflicted copy ಎಂದು ಸೇರಿಕೊಂಡ ಫೈಲು ಕಾಣಿಸುತ್ತದೆ. ಒನ್‌ಡ್ರೈವ್ ಆದರೆ ಹೆಸರಿನ ಕೊನೆಗೆ ಯಾರದೋ ಕಂಪ್ಯೂಟರಿನ ಹೆಸರು ಅಂಟಿಕೊಂಡಿರುತ್ತದೆ. ಇದ್ಯಾವುದೋ ಕಸ ಎಂದು ಅಳಿಸಿಬಿಡುವವರೇ ಹೆಚ್ಚು. ದಯವಿಟ್ಟು ಅಳಿಸಬೇಡಿ. ಸಹೋದ್ಯೋಗಿಯೊಬ್ಬರ ಇಡೀ ದಿನದ ಕೆಲಸ ಅದರಲ್ಲಿ ಮಾತ್ರ ಉಳಿದಿರಬಹುದು.

ಒಂದು ಸಂದರ್ಭ ಊಹಿಸಿಕೊಳ್ಳೋಣ. ಬೆಂಗಳೂರಿನ ಚಿಕ್ಕ ಪ್ರಕಾಶನ ಸಂಸ್ಥೆಯೊಂದು ಪುಸ್ತಕಗಳ ದಾಸ್ತಾನನ್ನು stock.xlsx ಎಂಬ ಎಕ್ಸೆಲ್ ಫೈಲಿನಲ್ಲಿ ಬರೆದಿಡುತ್ತದೆ. ಬೆಳಿಗ್ಗೆ ಒಂದು ಕಾದಂಬರಿಯ ಮುಂದೆ 240 ಪ್ರತಿ ಎಂದಿದೆ. ಕ್ಲೌಡ್‌ನಲ್ಲಿರುವ ಈ ಪ್ರತಿಯನ್ನು 7ನೇ ಆವೃತ್ತಿ ಎಂದುಕೊಳ್ಳಿ. ಹುಬ್ಬಳ್ಳಿಯ ಪುಸ್ತಕ ಮೇಳಕ್ಕೆ ಹೋದವರ ಲ್ಯಾಪ್‌ಟಾಪಿನಲ್ಲೂ ಅದೇ ಇದೆ, ಆದರೆ ಮಳಿಗೆಯಲ್ಲಿ ನೆಟ್ ಇಲ್ಲ. ಅವರು 35 ಪ್ರತಿ ಮಾರಿ, 240 ಅಳಿಸಿ 205 ಎಂದು ಬರೆದರು. ಅತ್ತ ಕಚೇರಿಯಲ್ಲಿದ್ದವರು ಅಂಗಡಿಯೊಂದಕ್ಕೆ 50 ಪ್ರತಿ ಕಳಿಸಿ, 190 ಎಂದು ತಿದ್ದಿದರು. ಕಚೇರಿಯ ತಿದ್ದುಪಡಿ ಕೂಡಲೇ ಮೇಲೇರಿ 8ನೇ ಆವೃತ್ತಿಯಾಯಿತು.

ಸಂಜೆ ಮೇಳದ ಲ್ಯಾಪ್‌ಟಾಪಿಗೆ ನೆಟ್ ಸಿಕ್ಕಿತು. ಅದರಲ್ಲಿರುವ ಸಿಂಕ್ ತಂತ್ರಾಂಶ ಫೈಲನ್ನು ಕಳಿಸುವಾಗ ‘ಇದು 7ನ್ನು ತಿದ್ದಿದ್ದು’ ಎಂದೂ ತಿಳಿಸುತ್ತದೆ. ಸರ್ವರಿನಲ್ಲಿ ಆಗಲೇ 8 ಕೂತಿದೆ. ಇದನ್ನು ಅದರ ಮೇಲೆ ಬರೆದರೆ ಕಚೇರಿಯ ಕೆಲಸ ಹೋಗುತ್ತದೆ, ಬಿಟ್ಟರೆ ಮೇಳದ ಕೆಲಸ ಹೋಗುತ್ತದೆ. ಹಾಗಾಗಿ ಮೊದಲು ಬಂದದ್ದಕ್ಕೆ ಮೂಲ ಹೆಸರು ಉಳಿಸಿ, ಎರಡನೆಯದನ್ನು ಬೇರೆ ಹೆಸರಿನಲ್ಲಿ ಪಕ್ಕದಲ್ಲಿಡುತ್ತದೆ.

ಕಚೇರಿಯ ಒಳಗಿನ ಹಳೆಯ ಸರ್ವರಿನಲ್ಲಿ ಈ ತೊಂದರೆ ಕಡಿಮೆ ಇತ್ತು. ಒಬ್ಬರು ಫೈಲು ತೆರೆದರೆ ಎಕ್ಸೆಲ್ ಅಲ್ಲೇ ~$stock.xlsx ಎಂಬ ಅಡಗಿದ ಫೈಲೊಂದನ್ನು ಇಡುತ್ತದೆ; ಇನ್ನೊಬ್ಬರು ತೆರೆಯಹೋದರೆ, ಯಾರೋ ಬಳಸುತ್ತಿದ್ದಾರೆ ಎಂಬ ಸೂಚನೆ ಬರುತ್ತದೆ. ಸಿಂಕ್ ಫೋಲ್ಡರಿನಲ್ಲಿ ಪ್ರತಿಯೊಬ್ಬರೂ ತೆರೆಯುವುದು ತಮ್ಮ ತಮ್ಮ ಡಿಸ್ಕಿನಲ್ಲಿರುವ ಪ್ರತಿಯನ್ನು. ಜೊತೆಗೆ ~$ ಎಂದು ಶುರುವಾಗುವ ಫೈಲುಗಳನ್ನು ಡ್ರಾಪ್‌ಬಾಕ್ಸ್ ಆಗಲಿ ಒನ್‌ಡ್ರೈವ್ ಆಗಲಿ ಮೇಲೆ ಕಳಿಸುವುದಿಲ್ಲ. ಆ ಸೂಚನೆ ಇನ್ನೊಬ್ಬರನ್ನು ತಲುಪುವ ದಾರಿಯೇ ಇಲ್ಲ.

ಈಗ ಎರಡು ಫೈಲುಗಳಿವೆ: ಒಂದರಲ್ಲಿ 190, ಇನ್ನೊಂದರಲ್ಲಿ 205. ಯಾವುದು ಸರಿ? ಎರಡೂ ತಪ್ಪು. ‘ಹೊಸದನ್ನು ಇಟ್ಟುಕೊಳ್ಳೋಣ’ ಎಂಬ ಸಾಮಾನ್ಯ ಉಪಾಯ ಕೈಕೊಡುವುದು ಇಲ್ಲೇ. ಬಿಡಿಸಲು ಮೂರನೆಯ ಪ್ರತಿಯೊಂದು ಬೇಕು, ಅಂದರೆ ಇಬ್ಬರೂ ಶುರುಮಾಡಿದ 7ನೇ ಆವೃತ್ತಿ. ಡ್ರಾಪ್‌ಬಾಕ್ಸಿನ ಜಾಲತಾಣದಲ್ಲಿ ಆ ಫೈಲಿನ Version history ತೆರೆದರೆ ಅದು ಸಿಗುತ್ತದೆ. ಉಚಿತ ಖಾತೆಯಲ್ಲಿ 30 ದಿನಗಳವರೆಗೆ. ಅದರಲ್ಲಿ 240 ಇದೆ. ಕಚೇರಿಯದು 50 ಕಡಿಮೆ, ಮೇಳದ್ದು 35 ಕಡಿಮೆ, ಹಾಗಾಗಿ ನಿಜವಾದ ದಾಸ್ತಾನು 155. ಈ ಲೆಕ್ಕವನ್ನು ಸಿಂಕ್ ತಂತ್ರಾಂಶವೇ ಏಕೆ ಮಾಡುವುದಿಲ್ಲವೆಂದರೆ, ಅದಕ್ಕೆ ಕಾಣುವುದು ಬರೀ ಬೈಟ್‌ಗಳು. 205 ಎಂಬುದು ಮಾರಾಟವೋ, ಯಾರೋ ಮತ್ತೆ ಎಣಿಸಿ ಸರಿಪಡಿಸಿದ್ದೋ ಎಂಬುದು ಬರೆದವರಿಗೇ ಗೊತ್ತು. ಹಾಗಾಗಿ ಕೂಡಿಸುವ ಮೊದಲು ಅವರಿಗೆ ಒಂದು ಫೋನ್ ಮಾಡಿ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಎರಡನೆಯ ಪ್ರತಿಯೇ ಹುಟ್ಟದ ಸಂದರ್ಭ. ನೋಟ್‌ಪ್ಯಾಡಿನಂಥದ್ದರಲ್ಲಿ ಒಂದು ಪಠ್ಯದ ಫೈಲು ತೆರೆದಿಟ್ಟು ಊಟಕ್ಕೆ ಹೋಗುತ್ತೀರಿ. ಅಷ್ಟರಲ್ಲಿ ಸಹೋದ್ಯೋಗಿಯ ತಿದ್ದುಪಡಿ ಬಂದು ನಿಮ್ಮ ಡಿಸ್ಕಿನಲ್ಲಿ ಕೂರುತ್ತದೆ, ಆದರೆ ಪರದೆಯ ಮೇಲೆ ಇನ್ನೂ ಹಳೆಯದೇ ಇದೆ. ಬಂದು ಒಂದು ಪದ ತಿದ್ದಿ ಸೇವ್ ಮಾಡಿದರೆ ಹಳೆಯ ಪಠ್ಯ ಹೊಸದರ ಮೇಲೆ ಬೀಳುತ್ತದೆ. ನೀವು ಇತ್ತೀಚಿನ ಆವೃತ್ತಿಯನ್ನೇ ತಿದ್ದಿದ್ದೀರಿ ಎಂದು ಸಿಂಕ್ ತಂತ್ರಾಂಶ ನಂಬುತ್ತದೆ, ಎಚ್ಚರಿಕೆ ಬರುವುದಿಲ್ಲ. ‘ನಾನು ಬರೆದ ಪ್ಯಾರಾ ಮಾಯವಾಗಿದೆ’ ಎಂದು ಯಾರಾದರೂ ಹೇಳಿದರೆ ಅವರು ಸೇವ್ ಮಾಡುವುದನ್ನು ಮರೆತರು ಎಂದುಕೊಳ್ಳುವ ಮೊದಲು Version history ನೋಡಿ.

ಗೂಗಲ್ ಶೀಟ್ಸ್‌ನಂಥ, ಎಲ್ಲರೂ ಏಕಕಾಲಕ್ಕೆ ಬರೆಯಬಹುದಾದ ವ್ಯವಸ್ಥೆಯಲ್ಲಿ ಫೈಲು ಎರಡಾಗುವುದಿಲ್ಲ. ಆದರೂ ಒಂದೇ ಕೋಶದಲ್ಲಿ ಇಬ್ಬರು ಬರೆದರೆ ಕೊನೆಗೆ ಬರೆದದ್ದೇ ಉಳಿಯುತ್ತದೆ. ಪ್ರಕಾಶನದ ಆ ಫೈಲಿಗೆ ಬೇಕಾದದ್ದು ಬರೆಯುವ ಕ್ರಮದಲ್ಲೇ ಬದಲಾವಣೆ. ಉಳಿಕೆಯನ್ನು ಅಳಿಸಿ ತಿದ್ದುವ ಬದಲು, ಹೋದದ್ದು ಬಂದದ್ದನ್ನೆಲ್ಲ ದಿನಾಂಕದೊಂದಿಗೆ ಬೇರೆ ಬೇರೆ ಸಾಲಾಗಿ ಬರೆಯಲಿ, ಉಳಿಕೆಯನ್ನು ಸೂತ್ರ ಲೆಕ್ಕಹಾಕಲಿ. ಆಗ ಫೈಲು ಎರಡಾದರೂ ಮೇಳದ ಪ್ರತಿಯಿಂದ −35ರ ಸಾಲನ್ನು ಮೂಲ ಫೈಲಿಗೆ ನಕಲು ಮಾಡಿದರೆ ಸಾಕು, ಉಳಿಕೆ ತಾನಾಗಿ 155 ಆಗುತ್ತದೆ.