ಕಡಲು ಕತ್ತರಿಸಿದ ಷಟ್ಕೋನ: ಮಂಗಳೂರಿನ ಸುತ್ತ ಪೇಟೆಗಳು ಬೆಳೆದ ಬಗೆ

ಬೆಳ್ತಂಗಡಿ ಕಡೆಯ ಒಳಹಳ್ಳಿಯ ಅಡಿಕೆ ಬೆಳೆಗಾರರಿಗೆ ಉಪ್ಪು, ಬೆಂಕಿಪೊಟ್ಟಣ ಬೇಕಾದರೆ ಊರಿನ ಗೂಡಂಗಡಿ ಸಾಕು. ಮದುವೆಯ ಜವಳಿಗೆ ತಾಲೂಕಿನ ಪೇಟೆಗೆ ಹೋಗುತ್ತಾರೆ. ಹೃದಯದ ಶಸ್ತ್ರಚಿಕಿತ್ಸೆ ಎಂದಾಗ ಮಂಗಳೂರಿನ ಬಸ್ಸು ಹತ್ತುತ್ತಾರೆ. ಊರುಗಳ ಈ ಮೆಟ್ಟಿಲು ಹೇಗೆ ಹುಟ್ಟುತ್ತದೆ ಎಂಬುದನ್ನು ಜರ್ಮನಿಯ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ‘ಕೇಂದ್ರ ಸ್ಥಳ ಸಿದ್ಧಾಂತ’ದಲ್ಲಿ ವಿವರಿಸಿದರು.

ಯಾವ ಸೇವೆಯೂ ಉಳಿಯಬೇಕಾದರೆ ಅದಕ್ಕೆ ಕನಿಷ್ಠ ಇಷ್ಟು ಗಿರಾಕಿಗಳು ಬೇಕು. ಗಿರಾಕಿಯೂ ಅದಕ್ಕಾಗಿ ಇಷ್ಟೇ ದೂರ ಬರುತ್ತಾನೆ. ಗೂಡಂಗಡಿಗೆ ಒಂದಷ್ಟು ಮನೆಗಳು ಸಾಕು, ಹೃದ್ರೋಗ ವಿಭಾಗಕ್ಕೆ ಲಕ್ಷಗಟ್ಟಲೆ ಜನ ಬೇಕು. ಹೀಗಾಗಿ ಸಣ್ಣ ಪೇಟೆಗಳು ಹಲವು, ದೊಡ್ಡವು ಕೆಲವೇ. ನೆಲ ಸಮತಟ್ಟಾಗಿದ್ದರೆ ಒಂದು ನಗರದ ಸುತ್ತ ಅದಕ್ಕಿಂತ ಕೆಳದರ್ಜೆಯ ಆರು ಪೇಟೆಗಳು ಷಟ್ಕೋನದ ಮೂಲೆಗಳಲ್ಲಿ ನಿಲ್ಲುತ್ತವೆ.

ಮಂಗಳೂರಿನ ನಕ್ಷೆ ತೆರೆದು ನೋಡಿ. ಉತ್ತರಕ್ಕೆ ಉಡುಪಿ, ಪೂರ್ವಕ್ಕೆ ಬೆಳ್ತಂಗಡಿ ಮತ್ತು ಪುತ್ತೂರು, ದಕ್ಷಿಣಕ್ಕೆ ಕಾಸರಗೋಡು. ಗಾತ್ರದಲ್ಲಿ ಇವು ಸಮವಲ್ಲ, ಆದರೆ ನಾಲ್ಕೂ ರಸ್ತೆಯಲ್ಲಿ ಸುಮಾರು ಐವತ್ತು–ಅರವತ್ತು ಕಿಲೋಮೀಟರ್ ದೂರದಲ್ಲಿವೆ. ಉಳಿದೆರಡು ಮೂಲೆಗಳು ಇರಬೇಕಾದಲ್ಲಿ ಅರಬ್ಬೀ ಸಮುದ್ರವಿದೆ.

ಆದರೆ ಪೇಟೆಯನ್ನು ಗಿರಾಕಿಗಳಷ್ಟೇ ಕಟ್ಟುವುದಿಲ್ಲ, ಸಾಗಾಟವೂ ಕಟ್ಟುತ್ತದೆ ಎಂದು ಕ್ರಿಸ್ಟಾಲರ್ ಗುರುತಿಸಿದ್ದರು. ಬಂಟ್ವಾಳ ಇದಕ್ಕೆ ಸಾಕ್ಷಿ. ಘಟ್ಟದಿಂದ ಗಾಡಿಗಳಲ್ಲಿ ಇಳಿದ ಸರಕು ಅಲ್ಲಿ ದೋಣಿ ಏರಿ ನೇತ್ರಾವತಿಯಲ್ಲಿ ಮಂಗಳೂರಿನ ಬಂದರಿಗೆ ಹೋಗುತ್ತಿತ್ತು. ಸರಕು ರಸ್ತೆಗೆ ಬಂದಾಗ ನದಿದಂಡೆಯ ಪೇಟೆಯ ಮೇಲುಗೈ ಹೋಯಿತು. 1923 ಮತ್ತು 1974ರ ನೆರೆಗಳೂ ಪೆಟ್ಟು ಕೊಟ್ಟವು. ಹೆದ್ದಾರಿಯಿಂದ ಬಂಟ್ವಾಳಕ್ಕೆ ತಿರುಗುವ ಬರೀ ಕ್ರಾಸ್ ಆಗಿದ್ದ ಬಿ.ಸಿ.ರೋಡ್ ಇಂದು ಆ ತಾಲೂಕಿನ ವ್ಯವಹಾರದ ಕೇಂದ್ರ.

ಮೂರನೆಯದು ಆಡಳಿತ. ಒಂದು ಕೇಂದ್ರವನ್ನು ನೆಚ್ಚಿಕೊಂಡ ಊರುಗಳನ್ನು ಗಡಿ ಸೀಳಬಾರದು ಎಂಬುದು ಅದರ ತರ್ಕ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಆದದ್ದು ಅದಕ್ಕೆ ತದ್ವಿರುದ್ಧ. ರಾಜಧಾನಿ ತಿರುವನಂತಪುರವಾಯಿತು, ಆಸ್ಪತ್ರೆ ಮಾತ್ರ ಮಂಗಳೂರೇ ಆಗಿ ಉಳಿಯಿತು. ಗಡಿಯಾಚೆಯ ಮಂಜೇಶ್ವರದವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಮಂಗಳೂರೇ ಹತ್ತಿರ. 2020ರ ಮಾರ್ಚಿನಲ್ಲಿ ಕೊರೊನಾ ಭಯದಿಂದ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ಅಲ್ಲೇ ನಿಂತವು. ರೋಗಿಗಳ ದಾರಿ ತೆರೆಸಲು ಪ್ರಕರಣ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಬೇಕಾಯಿತು.

ಜನ ಚಿಕಿತ್ಸೆಗೆ ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ರಾಜ್ಯದ ಗಡಿ ತೀರ್ಮಾನಿಸುವುದಿಲ್ಲ. ಮಂಗಳೂರಿಗೆ ಆಸ್ಪತ್ರೆ, ಬಸ್ಸು, ರಸ್ತೆಗಳ ಯೋಜನೆ ಹಾಕುವವರು ತಲಪಾಡಿಯಾಚೆಯ ಊರುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.