ಇಟ್ಟಿಗೆಗೆ ಎಷ್ಟು ನೀರು ಕುಡಿಸಬೇಕು?

ಮನೆ ಕಟ್ಟಲು ಹೊರಟವರು ಮೊದಲು ಕೇಳುವುದು ಇಟ್ಟಿಗೆಯ ಬೆಲೆ. ಆದರೆ ಗೋಡೆ ಬಿರುಕಿಲ್ಲದೆ ಬಾಳುವುದು ಬೇರೊಂದು ಲೆಕ್ಕದ ಮೇಲೆ. ಕಟ್ಟುವ ಮುಂಚೆ ಅದಕ್ಕೆ ಎಷ್ಟು ನೀರು ಉಣಿಸಬೇಕು ಎಂಬುದೇ ಆ ಲೆಕ್ಕ. ಮಣ್ಣಿನ ಇಟ್ಟಿಗೆ, ಫ್ಲೈ ಆ್ಯಶ್ ಇಟ್ಟಿಗೆ ಮತ್ತು ಹಾಲೋ ಬ್ಲಾಕ್ ಮೂರಕ್ಕೂ ಇದರ ಉತ್ತರ ಬೇರೆ ಬೇರೆ.

ಗೂಡಿನಲ್ಲಿ ಸುಟ್ಟ ಮಣ್ಣಿನ ಇಟ್ಟಿಗೆಯಲ್ಲಿ ನೀರಿನ ಪಸೆಯೇ ಇರುವುದಿಲ್ಲ. ಒಣ ಇಟ್ಟಿಗೆಯನ್ನೇ ಇಟ್ಟು ಕಟ್ಟಿದರೆ ಅದು ಗಾರೆಯ ನೀರನ್ನು ಹೀರಿಬಿಡುತ್ತದೆ. ನೀರಿಲ್ಲದ ಸಿಮೆಂಟ್ ಗಟ್ಟಿಯಾಗದೆ ಪುಡಿಪುಡಿಯಾಗಿ ಉಳಿಯುತ್ತದೆ. ಅದಕ್ಕೇ ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಬಳಸಬೇಕು.

ಫ್ಲೈ ಆ್ಯಶ್ ಇಟ್ಟಿಗೆಯನ್ನು ಸುಡುವುದಿಲ್ಲ. ರಾಯಚೂರಿನ ಶಕ್ತಿನಗರ, ಬಳ್ಳಾರಿ ಬಳಿಯ ಕುಡುತಿನಿಯಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳಲ್ಲಿ ಉಳಿಯುವ ಹಾರುಬೂದಿಗೆ ಮರಳು ಅಥವಾ ಕಲ್ಲಿನ ಪುಡಿ, ಜೊತೆಗೆ ಸಿಮೆಂಟನ್ನೋ ಸುಣ್ಣ-ಜಿಪ್ಸಮ್ಮನ್ನೋ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿ ಮಾಡುತ್ತಾರೆ. ಹಾಲೋ ಬ್ಲಾಕ್ ಸಿಮೆಂಟ್, ಸಣ್ಣ ಜಲ್ಲಿ, ಮರಳಿನದು. ಇವೆರಡೂ ನೀರಿನಿಂದಲೇ ಗಟ್ಟಿಯಾದವು, ಒಣಗುತ್ತ ಕುಗ್ಗುವಂಥವು. ಮಣ್ಣಿನ ಇಟ್ಟಿಗೆಯದು ಇದಕ್ಕೆ ತಿರುಗುಮುರುಗು: ಗೂಡಿನಿಂದ ಹೊರಬಂದ ಮೇಲೆ ಗಾಳಿಯ ತೇವ ಹೀರಿ ತುಸುತುಸುವೇ ಹಿಗ್ಗುತ್ತದೆ.

ಹಳೆಯ ಅಭ್ಯಾಸದಂತೆ ಬ್ಲಾಕನ್ನೂ ನೆನೆಸಿ ಕಟ್ಟಿದರೆ, ಗಿಲಾವು ಆದ ಮೇಲೆ ಇಡೀ ಗೋಡೆ ಕುಗ್ಗತೊಡಗುತ್ತದೆ. ಮೆಟ್ಟಿಲಿನಂತೆ ಸಂದಿಗುಂಟ ಏರುವ ಬಿರುಕು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಗೆರೆ ಕಾಣಿಸುತ್ತದೆ. ಹಾಗಾಗಿ ಬ್ಲಾಕನ್ನು ಒಣದಾಗಿಯೇ ಕಟ್ಟಬೇಕು. ಬಿಸಿಲು ಜೋರಿದ್ದರೆ ಗಾರೆ ತಾಗುವ ಮೈಯನ್ನಷ್ಟೇ ಒದ್ದೆ ಮಾಡಿದರೆ ಸಾಕು. ಫ್ಲೈ ಆ್ಯಶ್ ಇಟ್ಟಿಗೆಗೂ ಮೇಲ್ಮೈಗೆ ನೀರು ಚಿಮುಕಿಸಿದರೆ ಸಾಕು, ಮುಳುಗಿಸಬಾರದು. ಬ್ಲಾಕ್ ಅಚ್ಚಿನಿಂದ ತೆಗೆದ ಮೇಲೆ ಎರಡು ವಾರ ನೀರುಂಡು, ಆಮೇಲೆ ಸುಮಾರು ನಾಲ್ಕು ವಾರ ಒಣಗಿರಬೇಕು. ಸೈಟಿನಲ್ಲಿ ರಾಶಿ ಹಾಕಿದ ಮೇಲೂ ಮಳೆಗೆ ನೆನೆಯದಂತೆ ಟಾರ್ಪಾಲು ಹೊದಿಸಬೇಕು.

ಗಾರೆಯೂ ಅತಿ ಗಟ್ಟಿ ಇರಬಾರದು. ಮಾಮೂಲಿ ಗೋಡೆಗೆ 1 ಪಾಲು ಸಿಮೆಂಟಿಗೆ 6 ಪಾಲು ಮರಳು ಸರಿ. ಗಾರೆ ಬ್ಲಾಕಿಗಿಂತ ಗಟ್ಟಿಯಾದರೆ ಕುಗ್ಗುವಾಗ ಬ್ಲಾಕೇ ಸೀಳುತ್ತದೆ. ಗಾರೆ ಮೆದುವಿದ್ದರೆ ಆ ಎಳೆತ ಸಂದಿಗಳಲ್ಲಿ ಹಂಚಿಹೋಗುತ್ತದೆ. ಕಾಂಕ್ರೀಟ್ ಕಂಬಕ್ಕೆ ಗೋಡೆ ಸೇರುವ ಕಡೆ ಗಿಲಾವಿಗೆ ಮುಂಚೆ ತಂತಿಯ ಜಾಲರಿ ಹೊಡೆಸುವುದನ್ನು ಮರೆಯಬೇಡಿ.

ಈಗ 10 ಅಡಿ ಉದ್ದ, 10 ಅಡಿ ಎತ್ತರದ ಒಂದು ಗೋಡೆ ತೆಗೆದುಕೊಳ್ಳೋಣ. 9 ಇಂಚು ದಪ್ಪಕ್ಕೆ 230 × 110 × 70 ಮಿಲಿಮೀಟರ್ ಅಳತೆಯ ಇಟ್ಟಿಗೆ, ಮಣ್ಣಿನದಾಗಲಿ ಬೂದಿಯದಾಗಲಿ, ಸುಮಾರು 970 ಬೇಕು. ಗಾರೆ 15 ಘನ ಅಡಿ. ಅದೇ ಗೋಡೆಗೆ 16 ಇಂಚು ಉದ್ದ, 8 ಇಂಚು ಎತ್ತರದ, 8 ಇಂಚು ದಪ್ಪದ ಹಾಲೋ ಬ್ಲಾಕ್ ಸುಮಾರು 116 ಸಾಕು, ಗಾರೆ ಅರ್ಧಕ್ಕಿಂತಲೂ ಕಡಿಮೆ. ಗೋಡೆಯ ತೂಕವೂ ಸುಮಾರು 4 ಟನ್ನಿನಿಂದ ಎರಡೂವರೆ ಟನ್ನಿಗೆ ಇಳಿಯುತ್ತದೆ. ಬಿಡಿ ಬೆಲೆ ಹೋಲಿಸುವ ಬದಲು ಈ ನೂರು ಚದರಡಿಗೆ ಸರಕು, ಸಾಗಣೆ, ಗಾರೆ, ಕೂಲಿ, ಗಿಲಾವು ಸೇರಿಸಿ ಮೇಸ್ತ್ರಿಯಿಂದ ಲೆಕ್ಕ ಬರೆಸಿ. ಯಂತ್ರದ ಇಟ್ಟಿಗೆ ಒಂದೇ ಅಳತೆಯದಾದ್ದರಿಂದ ಗಿಲಾವು ತೆಳುವಾಗಿ ಮುಗಿಯುತ್ತದೆ. ಅಂಕುಡೊಂಕಿನ ಮಣ್ಣಿನ ಇಟ್ಟಿಗೆಗೆ ದಪ್ಪವಾಗಿ ಬಳಿಯಬೇಕಾಗುತ್ತದೆ.

ಲಾರಿ ಇಳಿಸುವ ಮುಂಚೆ ಕೆಲವು ಇಟ್ಟಿಗೆ ಪರೀಕ್ಷಿಸಿ. ಪೂರ್ತಿ ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಬೇಕು. 3 ಕಿಲೋ ಇದ್ದದ್ದು 3.6 ಕಿಲೋ ದಾಟಿದರೆ ಹೀರಿಕೆ 20 ಶೇಕಡಾ ಮೀರಿತು, ಆ ಸರಕು ಬೇಡ. ಮಣ್ಣಿನ ಇಟ್ಟಿಗೆಯನ್ನು ಒಡೆದೂ ನೋಡಿ. ಒಳಗೆ ಬಿಳಿ ಸುಣ್ಣದ ಹರಳುಗಳಿದ್ದರೆ ಅವು ತೇವಕ್ಕೆ ಉಬ್ಬಿ ಮುಂದೆ ಗಿಲಾವನ್ನು ಚಿಪ್ಪುಚಿಪ್ಪಾಗಿ ಉದುರಿಸುತ್ತವೆ. ಫ್ಲೈ ಆ್ಯಶ್ ಇಟ್ಟಿಗೆಯ ಅಂಚು ಬೆರಳಿಗೇ ಉದುರಿದರೆ ಅದಕ್ಕೆ ನೀರುಣಿಸಿದ್ದು ಸಾಲದು ಎಂದರ್ಥ.

ಕಂಬ-ತೊಲೆಗಳೇ ಭಾರ ಹೊರುವ ಮನೆಗೆ 6 ಇಂಚಿನ ಹಾಲೋ ಬ್ಲಾಕ್ ಹಗುರ, ಕೆಲಸವೂ ಬೇಗ. ಆದರೆ ಅಟ್ಟ, ನೀರಿನ ಗೀಸರ್, ಅಡುಗೆಮನೆಯ ಕಪಾಟು ತೂಗುವ ಜಾಗಗಳನ್ನು ಮೊದಲೇ ಗುರುತಿಸಿ, ಅಲ್ಲಿನ ಪೊಳ್ಳಿಗೆ ಕಾಂಕ್ರೀಟ್ ತುಂಬಿಸಬೇಕು. ಕಂಬವಿಲ್ಲದೆ ಗೋಡೆಯೇ ತಾರಸಿ ಹೊರುವ ಮನೆಗೆ 9 ಇಂಚಿನ ಇಟ್ಟಿಗೆ ಗೋಡೆ ಸರಳ ದಾರಿ. ಹತ್ತಿರದಲ್ಲಿ ಒಳ್ಳೆಯ ಗೂಡಿದ್ದರೆ ಮಣ್ಣಿನದು, ವಿದ್ಯುತ್ ಸ್ಥಾವರವಿದ್ದರೆ ಬೂದಿಯದು ಕೊಳ್ಳಿ. ಯಾವುದನ್ನೇ ಆರಿಸಿದರೂ ನೀರಿನ ವಿಷಯವನ್ನು ಕೆಲಸ ಶುರುವಾಗುವ ದಿನವೇ ಮೇಸ್ತ್ರಿಯೊಂದಿಗೆ ಮಾತಾಡಿ ಗಟ್ಟಿ ಮಾಡಿಕೊಳ್ಳಿ.